1,800 ಮದುವೆ ಫೋಟೋ, ಒಂದು ರಾತ್ರಿ: ಎವಿಐಎಫ್‌ಗಾಗಿ ಎಷ್ಟು ಹೊತ್ತು ಕಾಯಬೇಕು?

ಬೆಳಿಗ್ಗೆ ಏಳೂಕಾಲಿಗೆ ಫೋನ್ ಬಂತು.

"ಏನಪ್ಪಾ, ಲಿಂಕ್ ಎಲ್ಲಿ? ಹುಡುಗಿ ಅಪ್ಪ ಆಗ್ಲೇ ಮೂರ್ ಸಲ ಮಾಡವ್ರೆ."

ಫೋನ್ ಮಾಡಿದ್ದು ಮಂಡ್ಯದ ಒಂದು ಫೋಟೋ ಸ್ಟುಡಿಯೋದ ಅಣ್ಣ. ಅವರ ವೆಬ್‌ಸೈಟ್ ಮಾಡಿಕೊಟ್ಟವನು ನಾನು. ಹಿಂದಿನ ದಿನ ಬೆಳಿಗ್ಗೆ ಮುಹೂರ್ತ ಮುಗಿದಿತ್ತು. ಅದರ ಹಿಂದಿನ ಸಂಜೆ ಆರತಕ್ಷತೆ. ಎರಡೂ ಸೇರಿ 1,800 ಫೋಟೋ. ಅವನ್ನೆಲ್ಲ ಎವಿಐಎಫ್ ಅನ್ನೋ, ಜೆಪೆಗ್‌ಗಿಂತ ಚಿಕ್ಕದಾಗುವ ಫೋಟೋ ಫೈಲ್ ಮಾಡಿ ಸರ್ವರ್‌ಗೆ ಏರಿಸಿ, ಮನೆಯವರಿಗೆ ಲಿಂಕ್ ಕಳಿಸಬೇಕಿತ್ತು. ರಾತ್ರಿ 9ಕ್ಕೆ ಕೆಲಸ ಶುರು ಮಾಡಿಸಿ ನಾನು ಮನೆಗೆ ಹೋಗಿ ಮಲಗಿದ್ದೆ. ಬೆಳಿಗ್ಗೆ ಹೋಗಿ ಫೋಲ್ಡರ್ ತೆರೆದರೆ ಇದ್ದದ್ದು 612 ಫೈಲ್. ಕಂಪ್ಯೂಟರ್ ಫ್ಯಾನ್ ಮಾತ್ರ ಬೋರ್‌ವೆಲ್ ಮೋಟಾರ್ ಥರ ಕೂಗುತ್ತಿತ್ತು. ಅದೇ ವೇಗದಲ್ಲಿ ಮುಗಿಯಬೇಕಾದರೆ ಒಟ್ಟು 30 ಗಂಟೆ ಬೇಕಿತ್ತು.

ತಪ್ಪು ನನ್ನದೇ. "ಹೇಗೂ ರಾತ್ರಿ ಪೂರ್ತಿ ಟೈಮಿದೆ, ಅತಿ ಚಿಕ್ಕ ಫೈಲ್ ಸಿಗಲಿ" ಅಂತ ಎಲ್ಲಕ್ಕಿಂತ ನಿಧಾನದ ಸೆಟ್ಟಿಂಗ್ `-s 0` ಕೊಟ್ಟಿದ್ದೆ. ಅಳೆದು ನೋಡಿರಲಿಲ್ಲ. ಅವತ್ತು ಜೆಪೆಗ್ ಕಳಿಸಿ ಮಾನ ಉಳಿಸಿಕೊಂಡೆವು. ಆಮೇಲೆ ಒಂದು ವಾರ ಕೂತು, ಯಾವ ಫೋಟೋಗೆ ಎಷ್ಟು ಹೊತ್ತು ಕೊಡಬೇಕು ಅಂತ ಲೆಕ್ಕ ಹಾಕಿದೆ. ಆ ಲೆಕ್ಕ ಇಲ್ಲಿದೆ.

ಇಷ್ಟು ಹೊತ್ತು ಅದು ಏನು ಮಾಡುತ್ತದೆ?

ಎವಿಐಎಫ್ ಅಂದರೆ ಎವಿ1 ವಿಡಿಯೋದ ಒಂದೇ ಒಂದು ಫ್ರೇಮನ್ನು ಫೋಟೋ ಫೈಲ್ ಆಗಿ ಇಟ್ಟದ್ದು, ಅಷ್ಟೇ. ಜೆಪೆಗ್ ಚಿತ್ರವನ್ನು ಕಣ್ಣುಮುಚ್ಚಿಕೊಂಡು 8×8 ಚೌಕಗಳಾಗಿ ಕತ್ತರಿಸಿ ಮುಂದೆ ಹೋಗುತ್ತದೆ. ಎವಿ1 ಹಾಗಲ್ಲ. 128×128ರಷ್ಟು ದೊಡ್ಡ ಚೌಕದಿಂದ ಶುರು ಮಾಡಿ 4×4ರವರೆಗೂ ಇಳಿಯಬಹುದು. ಒಂದು ಚೌಕವನ್ನು ಒಡೆಯುವುದಕ್ಕೇ ಹತ್ತು ರೀತಿ. ಒಡೆದ ಪ್ರತಿ ತುಂಡಿಗೂ ಪಕ್ಕದ ಬಣ್ಣ ನೋಡಿ ಊಹಿಸೋಕೆ 56 ದಿಕ್ಕು, ಅದರ ಮೇಲೆ ಇನ್ನೂ ಕೆಲವು ಉಪಾಯ. ಇಷ್ಟರಲ್ಲಿ ಯಾವುದು ಕಡಿಮೆ ಬೈಟ್‌ನಲ್ಲಿ ಮುಗಿಯುತ್ತದೆ ಅನ್ನೋದು ಮಾಡಿ ನೋಡದೆ ಗೊತ್ತಾಗಲ್ಲ. ಎವಿಐಎಫ್ ಮಾಡುವ `avifenc` ಟೂಲ್‌ನ `-s` ಅನ್ನೋ ನಂಬರ್ ಹೇಳುವುದು ಇದನ್ನೇ: ಎಷ್ಟು ದಾರಿ ನೋಡದೆ ಬಿಡಬಹುದು ಅಂತ. 10 ಅಂದರೆ ಬಹುಪಾಲು ಬಿಡು. 0 ಅಂದರೆ ಆದಷ್ಟೂ ಎಲ್ಲವನ್ನೂ ನೋಡು. ಏನೂ ಹೇಳದಿದ್ದರೆ 6.

ಫೋಟೋ ತೆರೆಯುವ ಫೋನಿಗೆ ಈ ಹುಡುಕಾಟವೇ ಇಲ್ಲ. ಆಯ್ಕೆ ಏನಾಗಿದೆ ಅಂತ ಓದಿಕೊಂಡು ಬಿಡಿಸಿದರೆ ಆಯ್ತು. ಹಾಗಾಗಿ ನಿಧಾನದ ಭಾರ ಬೀಳುವುದು ಒಂದು ಸಲ, ಅದೂ ನಮ್ಮ ಕಡೆಯಲ್ಲಿ ಮಾತ್ರ.

ಅಳೆದು ನೋಡಿದ್ದು

ಸ್ಟುಡಿಯೋದ ಕಂಪ್ಯೂಟರ್ ನಾಲ್ಕು ಕೋರಿನ ಹಳೇದು. ಕ್ಯಾಮೆರಾದ 24 ಮೆಗಾಪಿಕ್ಸೆಲ್ ಫೋಟೋವನ್ನು ಉದ್ದದ ಕಡೆ 2048 ಪಿಕ್ಸೆಲ್‌ಗೆ ಇಳಿಸಿ ಪಿಎನ್‌ಜಿ ಮಾಡಿಟ್ಟುಕೊಂಡೆ. ಒಂದು ಸಲ ಜೆಪೆಗ್ ಆಗಿ ಕುಗ್ಗಿದ್ದನ್ನೇ ಮತ್ತೆ ಎವಿಐಎಫ್‌ಗೆ ಕೊಡಬಾರದು. ಜೆಪೆಗ್ ಬಿಟ್ಟ ಚೌಕದ ಗುರುತನ್ನೂ ಫೋಟೋದ ಭಾಗ ಅಂದುಕೊಂಡು ಅದಕ್ಕೂ ಬೈಟ್ ಸುರಿಯುತ್ತದೆ.

ಧಾರೆ, ಊಟದ ಸಾಲು, ರಾತ್ರಿ ಸ್ಟೇಜು, ಮೊಗ್ಗಿನ ಜಡೆ ಹೀಗೆ ಬೇರೆ ಬೇರೆ ಥರದ 30 ಫೋಟೋ ಆರಿಸಿಕೊಂಡೆ. ಒಂದೇ ಕೋರ್ ಕೊಟ್ಟು ಓಡಿಸಿದಾಗ ಒಂದು ಫೋಟೋಗೆ ಸರಾಸರಿ ಬಂದದ್ದು ಹೀಗೆ:

| `-s` | ಹಿಡಿದ ಸಮಯ | ಫೈಲ್ ಗಾತ್ರ |
|---|---|---|
| 8 | 0.9 ಸೆಕೆಂಡ್ | 365 ಕೆಬಿ |
| 6 | 2 ಸೆಕೆಂಡ್ | 340 ಕೆಬಿ |
| 4 | 7 ಸೆಕೆಂಡ್ | 330 ಕೆಬಿ |
| 2 | 24 ಸೆಕೆಂಡ್ | 322 ಕೆಬಿ |
| 0 | 90 ಸೆಕೆಂಡ್ | 318 ಕೆಬಿ |

ಇದೇ ಅಂದಕ್ಕೆ ಜೆಪೆಗ್ ಬೇಕಾದದ್ದು 620 ಕೆಬಿ, ಸಮಯ ಕಣ್ಣು ಮಿಟುಕಿಸುವಷ್ಟು.

ಜೆಪೆಗ್‌ನಿಂದ `-s 6`ಗೆ ಬಂದರೆ 280 ಕೆಬಿ ಉಳಿಯುತ್ತದೆ, ಖರ್ಚು 2 ಸೆಕೆಂಡ್. ಅಲ್ಲಿಂದ 0ಗೆ ಇಳಿದರೆ ಉಳಿಯೋದು ಇನ್ನು 22 ಕೆಬಿ, ಖರ್ಚು ಇನ್ನು 88 ಸೆಕೆಂಡ್. ಅಣ್ಣನಿಗೆ ಇದನ್ನು ತೋರಿಸಿದಾಗ ಎದುರಿನ ಕಬ್ಬಿನ ಹಾಲಿನ ಗಾಡಿ ಕಡೆ ಕೈ ಮಾಡಿದರು. "ಅವ್ನು ಜಲ್ಲೆನ ನಾಕ್ ಸಲ ಮಡ್ಚಿ ಮಡ್ಚಿ ಹಾಕ್ತಾನಲ್ಲ, ಹಂಗೇ. ಮೊದಲ್ನೇ ಸಲಕ್ಕೇ ಲೋಟ ತುಂಬ್ತದೆ. ನಾಕ್ನೇ ಸಲಕ್ಕೆ ಬರಾದು ನಾಕ್ ಹನಿ."

ಈ ಥರ ಅಳೆಯುವಾಗ ಒಂದು ಕಡೆ ಸುಲಭವಾಗಿ ಮೋಸ ಹೋಗಬಹುದು, ನಾನೂ ಹೋಗಿದ್ದೆ. ಕ್ವಾಲಿಟಿ `-q 60` ಅಂತ ಎಲ್ಲಕ್ಕೂ ಒಂದೇ ಕೊಟ್ಟು ಗಾತ್ರ ಮಾತ್ರ ಹೋಲಿಸಿದ್ದೆ. ಆದರೆ `-s` ಬದಲಾದಾಗ ಗಾತ್ರದ ಜೊತೆ ಅಂದವೂ ಬದಲಾಗುತ್ತದೆ. ಮೊದಲು ನೋಡಿದಾಗ `-s 9` ಫೈಲ್ ಬರೀ 3% ದಪ್ಪ ಇತ್ತು. ಅರೆ, ಇಷ್ಟೇನಾ ಅನಿಸಿತು. ಆಮೇಲೆ `ssimulacra2` ಅನ್ನೋ ಅಳತೆ ಟೂಲ್‌ನಲ್ಲಿ ಮೂಲದ ಜೊತೆ ಹೋಲಿಸಿದರೆ ಅಂಕ 76ರಿಂದ 72ಕ್ಕೆ ಬಿದ್ದಿತ್ತು. ಅದೇ 76 ಬರುವ ಹಾಗೆ ಕ್ವಾಲಿಟಿ ಏರಿಸಿದಾಗ ಫೈಲ್ 12% ದಪ್ಪ ಆಯ್ತು. ಮೇಲಿನ ಪಟ್ಟಿ ಹೀಗೆ ಅಂಕ ಸಮ ಮಾಡಿಕೊಂಡ ಮೇಲಿನದು.

ಅಂಕ ಒಂದನ್ನೇ ನಂಬಬೇಡಿ. ಮೊಗ್ಗಿನ ಜಡೆಯ ಕ್ಲೋಸಪ್ಪನ್ನು ನೂರಕ್ಕೆ ನೂರು ಅಳತೆಯಲ್ಲಿ ತೆರೆದು ನೋಡಿ. ಎವಿಐಎಫ್ ಕೆಡುವ ರೀತಿ ಜೆಪೆಗ್‌ನಂತಲ್ಲ. ಜೆಪೆಗ್ ಕೆಟ್ಟರೆ ಅಂಚಿನ ಸುತ್ತ ಕೊಳೆ ಕಾಣುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಎವಿಐಎಫ್ ಕೆಟ್ಟರೆ ನುಣ್ಣಗಾಗುತ್ತದೆ. ಮೊಗ್ಗಿನ ಮೇಲಿನ ಸಣ್ಣ ಗೆರೆ ಮಾಯ, ಕೂದಲು ಬಳಿದ ಹಾಗೆ, ರಾತ್ರಿ ಆರತಕ್ಷತೆಯಲ್ಲಿ ತೆಗೆದ ಮುಖಗಳು ಮೇಣದ ಬೊಂಬೆ. ಅದನ್ನೇ ನೋಡಿದರೆ "ಚೆನ್ನಾಗೇ ಇದೆ" ಅನಿಸುತ್ತದೆ. ಮೂಲವನ್ನು ಪಕ್ಕದಲ್ಲಿಟ್ಟಾಗಲೇ ಕಳೆದುಹೋದದ್ದು ಕಾಣೋದು.

ಇನ್ನೊಂದು, ಕೆಂಪು ರೇಷ್ಮೆ ಸೀರೆಯ ಜರಿ ಅಂಚು. `-y 420` ಕೊಟ್ಟರೆ ಬಣ್ಣದ ವಿವರ ಉದ್ದಕ್ಕೂ ಅಡ್ಡಕ್ಕೂ ಅರ್ಧ ಆಗುತ್ತದೆ. ಕೆಂಪು ಮತ್ತು ಚಿನ್ನದ ಬಣ್ಣ ಕೂಡುವ ಗೆರೆ ಕಲಸಿದಂತೆ ಕಾಣುತ್ತದೆ. ನಾಲ್ಕು ಇಂಚಿನ ಬಾರ್ಡರ್ ದೂರದಿಂದ ತೆಗೆದದ್ದಾದರೆ ಫೋನಿನಲ್ಲಿ ಗೊತ್ತಾಗಲ್ಲ. ಸೀರೆಯದೇ ಕ್ಲೋಸಪ್ ಆದರೆ `-y 444` ಬೇಕು. ಪಿಎನ್‌ಜಿ ಬಣ್ಣದ ಫೋಟೋ ಕೊಟ್ಟು `-y` ಏನೂ ಹೇಳದಿದ್ದರೆ `avifenc` ತಾನೇ 444 ಹಿಡಿಯುತ್ತದೆ. ಬೇಡದ ಕಡೆ 420 ಅಂತ ನಾವೇ ಹೇಳಬೇಕು.

ಯಾರು ಎಷ್ಟು ಸಲ ನೋಡುತ್ತಾರೆ?

ಸೆಕೆಂಡ್ ಲೆಕ್ಕ ಅರ್ಧ ಮಾತ್ರ. ಉಳಿದರ್ಧ ಸರ್ವರ್ ಲಾಗ್‌ನಲ್ಲಿತ್ತು.

ಆ ಮದುವೆಯ ಆಲ್ಬಮ್ಮಿನಲ್ಲಿ ದೊಡ್ಡ ಫೋಟೋಗಳು ಒಟ್ಟು 11,000 ಸಲ ತೆರೆದಿದ್ದವು. 1,800ಕ್ಕೆ ಹಂಚಿದರೆ ಒಂದು ಫೋಟೋಗೆ ಆರು ಸಲ. ಮದುಮಕ್ಕಳದ್ದು ಜಾಸ್ತಿ, ಊಟದ ಮನೆಯದು ಸೊನ್ನೆ ಅಥವಾ ಒಂದು. ಇದಕ್ಕೆಲ್ಲ `-s 6` ಬದಲು `-s 2` ಕೊಟ್ಟಿದ್ದರೆ ಫೋಟೋಗೆ 18 ಕೆಬಿಯಂತೆ ಎಲ್ಲಾ ಸೇರಿ ಸುಮಾರು 200 ಎಂಬಿ ಉಳಿಯುತ್ತಿತ್ತು. ಅದಕ್ಕೆ ತೆರಬೇಕಾದದ್ದು 11 ಗಂಟೆಯ ಕೋರ್ ಕೆಲಸ. ಯಾರಿಗೂ ಬೇಡದ ವ್ಯಾಪಾರ.

ಅದೇ ಸ್ಟುಡಿಯೋದ ಮುಖಪುಟ ನೋಡಿ. ಅಲ್ಲಿ 40 ಫೋಟೋ. ತಿಂಗಳಿಗೆ 1,500 ಜನ ಬರುತ್ತಾರೆ, ಪೂರ್ತಿ ಕೆಳಗಿನವರೆಗೂ ನೋಡುತ್ತಾರೆ ಅಂತಿಟ್ಟುಕೊಳ್ಳಿ. ಅದೇ 18 ಕೆಬಿ ಇಲ್ಲಿ ತಿಂಗಳಿಗೆ 1 ಜಿಬಿ ಮೇಲೆ ಆಗುತ್ತದೆ. ಹೆಚ್ಚುವರಿ ಕೆಲಸ 15 ನಿಮಿಷ, ವರ್ಷಕ್ಕೆ ಎರಡು ಸಲ. ಕಾಯುವವರು ಯಾರೂ ಇಲ್ಲ. ಇಲ್ಲಿ ನಾನು `-s 2` ಇಟ್ಟೆ, ಮೇಲ್ಗಡೆಯ ಒಂದು ದೊಡ್ಡ ಫೋಟೋಗೆ `-s 0`, `-y 444`. ಒಂದೂವರೆ ನಿಮಿಷ ಹಿಡಿಯಿತು, ಕಾಫಿ ತರುವಷ್ಟರಲ್ಲಿ ಮುಗಿದಿತ್ತು.

ಥಂಬ್‌ನೇಲ್‌ಗಳದ್ದು ಬೇರೆ ಕತೆ. ಆಲ್ಬಮ್ ತೆರೆದವರೆಲ್ಲ ನೂರಾರು ಥಂಬ್‌ನೇಲ್ ಮೇಲೆ ಬೆರಳು ಜಾರಿಸಿಕೊಂಡು ಹೋಗುತ್ತಾರೆ. ಲಾಗ್‌ನಲ್ಲಿ 70,000 ಇತ್ತು. ಆದರೆ ಅದರಲ್ಲಿ ಪಿಕ್ಸೆಲ್ ಇರುವುದೇ ದೊಡ್ಡ ಫೋಟೋದ 26ನೇ ಒಂದು ಭಾಗ, ಸಮಯವೂ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ. `-s 4` ಕೊಟ್ಟರೂ ಒಂದಕ್ಕೆ ಕಾಲು ಸೆಕೆಂಡ್ ಚಿಲ್ಲರೆ, 1,800ಕ್ಕೂ ನಾಲ್ಕು ಕೋರಿನಲ್ಲಿ ಎರಡೇ ನಿಮಿಷ. ಜೆಪೆಗ್‌ನಲ್ಲಿ 28 ಕೆಬಿ ಇದ್ದದ್ದು 15 ಆಯ್ತು. ಇದಕ್ಕೆ ಜಾಸ್ತಿ ಯೋಚನೆ ಮಾಡಬೇಕಾಗೇ ಇಲ್ಲ.

ರಾತ್ರಿ ಮಾಡಿಟ್ಟರೆ ಆಗಲ್ವಾ?

ಮೊದಲು ನನಗೆ ಹೊಳೆದದ್ದು ಇದು: ಸಂಜೆ ಜೆಪೆಗ್ ಏರಿಸಿ ಲಿಂಕ್ ಕಳಿಸಿಬಿಡೋಣ. ರಾತ್ರಿಯೆಲ್ಲ ನಿಧಾನವಾಗಿ ಎವಿಐಎಫ್ ಆಗಲಿ, ಬೆಳಿಗ್ಗೆ ಬದಲಾಯಿಸೋಣ. ಕೇಳೋಕೆ ಚೆನ್ನಾಗಿದೆ. ಆದರೆ ಲಾಗ್‌ನಲ್ಲಿ ದಿನವಾರು ನೋಡಿದರೆ ಹತ್ತರಲ್ಲಿ ಏಳು ಸಲ ತೆರೆದದ್ದು ಲಿಂಕ್ ಹೋದ ಮೊದಲ ಎರಡು ದಿನದಲ್ಲೇ. ಅದರಲ್ಲೂ ಮೊದಲ ರಾತ್ರಿ. ಎಲ್ಲರೂ ನೋಡಿ ಮಲಗಿದ ಮೇಲೆ ಫೈಲ್ ಸಣ್ಣದು ಮಾಡಿ ಏನು ಬಂತು? ಉಳಿತಾಯ ಬೇಕಾದರೆ ಅದು ಲಿಂಕ್‌ಗಿಂತ ಮುಂಚೆ ಆಗಬೇಕು.

ಆಗ ಅಪ್‌ಲೋಡ್ ಕಡೆ ಗಮನ ಹೋಯಿತು. ಸ್ಟುಡಿಯೋದ ಆಗಿನ ಲೈನಿನಲ್ಲಿ ಮೇಲಕ್ಕೆ ಹೋಗುವ ವೇಗ 5 ಎಂಬಿಪಿಎಸ್. ಅಂದರೆ ಸೆಕೆಂಡಿಗೆ 625 ಕೆಬಿ. 620 ಕೆಬಿಯ ಜೆಪೆಗ್ ಒಂದು ಹೋಗೋಕೆ ಒಂದು ಸೆಕೆಂಡ್, 1,800ಕ್ಕೆ ಅರ್ಧ ಗಂಟೆ. 340 ಕೆಬಿಯ ಎವಿಐಎಫ್ ಹೋಗೋಕೆ 0.54 ಸೆಕೆಂಡ್. `-s 6`ನಲ್ಲಿ ಒಂದು ಫೋಟೋಗೆ 2 ಸೆಕೆಂಡ್, ನಾಲ್ಕು ಕೋರಿನಲ್ಲಿ ನಾಲ್ಕು ಫೋಟೋ ಒಟ್ಟಿಗೆ ಓಡಿಸಿದರೆ ಅರ್ಧ ಸೆಕೆಂಡಿಗೊಂದು ಹೊರಗೆ ಬೀಳುತ್ತದೆ. ಒಂದು ಕಡೆ ಆಗುತ್ತಿದ್ದ ಹಾಗೇ ಇನ್ನೊಂದು ಕಡೆ ಏರುತ್ತಿರಲಿ ಅಂತ ಬಿಟ್ಟೆ. ಅಪ್‌ಲೋಡ್‌ಗೆ ಎಷ್ಟು ಬೇಕೋ ಸರಿಯಾಗಿ ಅಷ್ಟನ್ನು ಎನ್‌ಕೋಡರ್ ಒದಗಿಸುತ್ತಿತ್ತು. ಒಟ್ಟು 17 ನಿಮಿಷ. ಜೆಪೆಗ್‌ಗಿಂತ 13 ನಿಮಿಷ ಬೇಗ!

"ನಿಧಾನ" ಅಂತ ಬೈದುಕೊಂಡಿದ್ದ ಫಾರ್ಮ್ಯಾಟೇ ಲಿಂಕನ್ನು ಬೇಗ ತಲುಪಿಸಿತು. `-s 4` ಕೊಟ್ಟಿದ್ದರೆ ಫೋಟೋ ಬೀಳುವುದು 1.75 ಸೆಕೆಂಡಿಗೊಂದು, ಲೈನ್ ಸುಮ್ನೆ ಕಾಯುತ್ತಾ ಕೂರುತ್ತಿತ್ತು, 52 ನಿಮಿಷ ಆಗುತ್ತಿತ್ತು. ಅಪ್‌ಲೋಡ್‌ಗೆ ಸಮ ಓಡುವಷ್ಟು ನಿಧಾನ ಪುಕ್ಕಟೆ ಸಿಗುತ್ತದೆ. ಅದಕ್ಕಿಂತ ನಿಧಾನಕ್ಕೆ ಮಾತ್ರ ಬೆಲೆ.

ಓಡಿಸಿದ ಸಾಲು ಇದು:

```
basename -s .png *.png | xargs -P 4 -I{} \
  avifenc -s 6 -q 60 -y 420 -j 1 {}.png {}.avif
```

`-j 1` ಬೇಕಂತಲೇ ಹಾಕಿದ್ದು. ಇಷ್ಟು ಗಾತ್ರದ ಒಂದು ಫೋಟೋಗೆ ನಾಲ್ಕು ಕೋರ್ ಕೊಟ್ಟರೂ ನಾಲ್ಕು ಪಟ್ಟು ವೇಗ ಸಿಗಲ್ಲ. ಆ ಮೊದಲ ರಾತ್ರಿ ಎಲ್ಲಾ ಕೋರ್ ಒಂದೇ ಫೋಟೋಗೆ ಕೊಟ್ಟಿದ್ದೆ, 90 ಸೆಕೆಂಡ್ ಇದ್ದದ್ದು 60 ಆಗಿತ್ತಷ್ಟೇ. ಕೋರಿಗೊಂದು ಫೋಟೋ ಕೊಟ್ಟರೆ ನಾಲ್ಕೂ ತುಂಬಿ ದುಡಿಯುತ್ತವೆ. ಮೆಮೊರಿ ಮಾತ್ರ ಗಮನಿಸಬೇಕು, ನಾಲ್ಕು ಫೋಟೋ ಒಟ್ಟಿಗೆ ತೆರೆದಿರುತ್ತವೆ.

ಹಾಕಿದ ಮೇಲೆ ಕೆಟ್ಟದ್ದು

ಮುಂದಿನ ಮದುವೆಗೆ ಇದನ್ನು ಬಳಸಿದೆ. ಲಿಂಕ್ 17 ನಿಮಿಷಕ್ಕೂ ಕಾಯಲಿಲ್ಲ. ಅಣ್ಣ ಐದನೇ ನಿಮಿಷಕ್ಕೇ ಕಳಿಸಿಬಿಟ್ಟರು. ತೆರೆದವರಿಗೆ ಮೊದಲ ಐನೂರು ಫೋಟೋ ಸರಿ, ಆಮೇಲೆ ಖಾಲಿ ಚೌಕ. ಪುಟದಲ್ಲಿ ಬರೆದದ್ದು ಹೀಗಿತ್ತು:

```
<picture>
  <source type="image/avif" srcset="0912.avif">
  <img src="0912.jpg" width="2048" height="1365" alt="">
</picture>
```

ಎವಿಐಎಫ್ ಇನ್ನೂ ಏರಿಲ್ಲದಿದ್ದರೆ ಬ್ರೌಸರ್ ತಾನೇ ಕೆಳಗಿನ ಜೆಪೆಗ್‌ಗೆ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲ್ಲ. ಬ್ರೌಸರ್ ಕೇಳಿಕೊಳ್ಳುವುದು "ಈ ಬಗೆಯ ಫೈಲ್ ನನಗೆ ಬರುತ್ತಾ" ಅಂತ ಮಾತ್ರ. ಬರುತ್ತೆ ಅಂದರೆ ಅದನ್ನೇ ಹಿಡಿಯುತ್ತದೆ, ಫೈಲ್ ಸಿಗದಿದ್ದರೆ ಅಲ್ಲಿಗೇ ಮುಗಿಯಿತು. ಹಾಗಾಗಿ ಈಗ ಫೈಲ್ ಸರ್ವರ್ ತಲುಪಿದ ಮೇಲಷ್ಟೇ `<source>` ಸಾಲು ಪುಟಕ್ಕೆ ಸೇರುತ್ತದೆ.

ಹಳೆ ಐಫೋನ್ ಇರುವ ನೆಂಟರಿಗೆ ಜೆಪೆಗ್ ಬೇಕೇ ಬೇಕು. ಆ್ಯಪಲ್‌ನವರು ಸಫಾರಿಯಲ್ಲಿ ಎವಿಐಎಫ್ ತಂದದ್ದು 2022ರ ಐಒಎಸ್ 16ರಲ್ಲಿ. ಕ್ರೋಮ್‌ನಲ್ಲಿ 2020ರಿಂದಲೇ ಇದೆ. ಆದರೆ ಪೂರ್ತಿ ಅಳತೆಯ ಜೆಪೆಗ್ಗನ್ನೂ ಇಟ್ಟರೆ ಆಲ್ಬಮ್ 1.1 ಜಿಬಿ ಇದ್ದದ್ದು 1.7 ಜಿಬಿ ಆಗುತ್ತದೆ. ಜಾಗ ಉಳಿಸೋಕೆ ಹೋಗಿ ಜಾಗ ಕಳೆದುಕೊಂಡಂತೆ. ಅದಕ್ಕೆ 1280 ಪಿಕ್ಸೆಲ್‌ನ ಚಿಕ್ಕ ಜೆಪೆಗ್ ಮಾಡಿ, ಎವಿಐಎಫ್ ಎಲ್ಲಾ ಏರಿದ ಮೇಲೆ ಹತ್ತು ನಿಮಿಷದಲ್ಲಿ ಅದನ್ನೂ ಏರಿಸುತ್ತೇವೆ. ಅಲ್ಲಿಯವರೆಗೆ ಹಳೆ ಫೋನಿಗೆ ಜೆಪೆಗ್ ಥಂಬ್‌ನೇಲೇ ಗತಿ.

ವಾಟ್ಸ್ಆ್ಯಪ್‌ನಲ್ಲಿ ಲಿಂಕಿನ ಜೊತೆ ಬರುವ ಚಿತ್ರವನ್ನೂ, "ಡೌನ್‌ಲೋಡ್" ಒತ್ತಿದರೆ ಸಿಗುವ ಫೋಟೋವನ್ನೂ ಜೆಪೆಗ್‌ನಲ್ಲೇ ಬಿಟ್ಟಿದ್ದೇನೆ. ಡೌನ್‌ಲೋಡ್ ಮಾಡುವವರು ಪ್ರಿಂಟ್ ಹಾಕಿಸೋಕೆ ಲ್ಯಾಬಿಗೆ ಒಯ್ಯುತ್ತಾರೆ. ಅಲ್ಲಿನ ಸಾಫ್ಟ್‌ವೇರ್ ತೆರೆಯದಿದ್ದರೆ ಬೈಸಿಕೊಳ್ಳೋದು ಅಣ್ಣ.

ದೊಡ್ಡ ಫೋಟೋ ಬರುವಾಗ ಪ್ರೊಗ್ರೆಸಿವ್ ಜೆಪೆಗ್ ಥರ ಮಸುಕಾಗಿ ಶುರುವಾಗಿ ತಿಳಿಯಾಗಲ್ಲ. ಎವಿಐಎಫ್ ಪೂರ್ತಿ ಬರುವವರೆಗೆ ಸಾಮಾನ್ಯವಾಗಿ ಏನೂ ಕಾಣಲ್ಲ. ಥಂಬ್‌ನೇಲ್ ಫೋನಿಗೆ ಆಗಲೇ ಬಂದಿರುತ್ತದಲ್ಲ, ಅದನ್ನೇ ಹಿಗ್ಗಿಸಿ ಹಿಂದೆ ಇಟ್ಟೆ. ಯಾರೂ ದೂರಲಿಲ್ಲ.

ಲೈನ್ ಬದಲಾದಾಗ

ಆರು ತಿಂಗಳ ಮೇಲೆ ಸ್ಟುಡಿಯೋಗೆ ಫೈಬರ್ ಬಂತು, ಮೇಲಕ್ಕೆ 40 ಎಂಬಿಪಿಎಸ್. ಈಗ ಜೆಪೆಗ್ ಎಲ್ಲಾ ನಾಲ್ಕೇ ನಿಮಿಷದಲ್ಲಿ ಹೋಗುತ್ತದೆ, `-s 6`ಗೆ ಅದೇ 15 ನಿಮಿಷ. ಲೆಕ್ಕ ಉಲ್ಟಾ! ಈ ಕಂಪ್ಯೂಟರಿಗೆ ಗಡಿ ಸುಮಾರು 10 ಎಂಬಿಪಿಎಸ್. ಅದಕ್ಕಿಂತ ನಿಧಾನ ಲೈನಿದ್ದರೆ ಎವಿಐಎಫ್ ಬೇಗ ತಲುಪುತ್ತದೆ, ಜೋರಿದ್ದರೆ ಜೆಪೆಗ್.

ಹಾಗಂತ ಜೆಪೆಗ್‌ಗೆ ವಾಪಸ್ ಹೋಗಲಿಲ್ಲ. ಸ್ಟುಡಿಯೋಗೆ ಫೈಬರ್ ಬಂದರೂ ಹುಡುಗನ ಕಡೆಯ ಊರಿಗೆ ಬಂದಿಲ್ಲವಲ್ಲ. 11,000 ಸಲಕ್ಕೆ 280 ಕೆಬಿಯಂತೆ 3 ಜಿಬಿ, ಅದು ನೋಡುವವರ ಡೇಟಾ. `-s 8`ಗೆ ಬಂದೆ, ಏಳು ನಿಮಿಷ. ಜೆಪೆಗ್‌ಗಿಂತ ಮೂರು ನಿಮಿಷ ಜಾಸ್ತಿ, ಅಣ್ಣ ಒಪ್ಪಿದರು. ಫೈಲ್ 25 ಕೆಬಿ ದಪ್ಪ ಆಯ್ತು, ಆಗಲಿ.

ಈಗ ಸ್ಕ್ರಿಪ್ಟ್ ಮೊದಲ 20 ಫೋಟೋ ಎವಿಐಎಫ್ ಮಾಡಿ ಏರಿಸಿ, ಕಂಪ್ಯೂಟರಿನ ವೇಗ ಮತ್ತು ಲೈನಿನ ವೇಗ ಎರಡನ್ನೂ ನೋಡಿಕೊಂಡು `-s` ಅನ್ನು ತಾನೇ ಆರಿಸುತ್ತದೆ. ಮೊನ್ನೆ ಮಳೆಗೆ ಕರೆಂಟ್ ಹೋಗಿ, ಅಣ್ಣ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಓಡಿಸಿದ್ದಾರೆ. ಲೈನ್ ನಿಧಾನ, ಬ್ಯಾಟರಿ ಮೇಲೆ ಪ್ರೊಸೆಸರ್ ಕೂಡ ನಿಧಾನ. ಅದು ಆರಿಸಿದ್ದು 7. "ಇದ್ಯಾಕಪ್ಪಾ ಇವತ್ತು ಏಳು?" ಅಂತ ಸ್ಕ್ರೀನ್ ಫೋಟೋ ತೆಗೆದು ಕಳಿಸಿದ್ದರು.